ಕಂಪನಿ ಕೊಳ್ಳುವಾಗ ನಗದು ಕೊಡಬೇಕೇ, ಷೇರು ಕೊಡಬೇಕೇ? ಲೆಕ್ಕ ಹಾಕುವುದು ಹೀಗೆ

ಒಂದು ಕಂಪನಿ ಇನ್ನೊಂದನ್ನು ಕೊಳ್ಳುತ್ತದೆ ಎಂಬ ಸುದ್ದಿ ಬಂದರೆ ಸಾಕು, ಷೇರುದಾರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಲೆಕ್ಕಾಚಾರ ಶುರು. ನಗದಿನ ವ್ಯವಹಾರವಾದರೆ ಹೆಚ್ಚಿನವರ ಲೆಕ್ಕ ಸರಿಯಾಗಿಯೇ ಇರುತ್ತದೆ. ಷೇರು ಕೊಟ್ಟು ಕೊಂಡಾಗ ಮಾತ್ರ ಒಂದೇ ಜಾಗದಲ್ಲಿ ಎಲ್ಲರೂ ಎಡವುತ್ತಾರೆ.

ಒಂದು ಊಹೆಯ ಲೆಕ್ಕ ಹಿಡಿಯೋಣ. ಕೊಳ್ಳುವ ಕಂಪನಿ 'ಅ'. ಅದರದ್ದು 10 ಕೋಟಿ ಷೇರು, ಬೆಲೆ ₹200, ಒಟ್ಟು ಮೌಲ್ಯ ₹2,000 ಕೋಟಿ. ಮಾರಾಟವಾಗುವ ಕಂಪನಿ 'ಬ'. ಅದರದ್ದು 4 ಕೋಟಿ ಷೇರು, ಬೆಲೆ ₹100, ಒಟ್ಟು ₹400 ಕೋಟಿ. ಸುದ್ದಿ ಹೊರಬೀಳುವ ಮುಂಚಿನ ಬೆಲೆಯನ್ನೇ ತೆಗೆದುಕೊಳ್ಳಿ. ಗಾಳಿಸುದ್ದಿಗೆ ಏರಿದ ಬೆಲೆ ಹಿಡಿದರೆ ಇಡೀ ಲೆಕ್ಕವೇ ಹಾಳು.

ಹಂತ 1: ಸಿನರ್ಜಿ. ಇಬ್ಬರೂ ಒಂದಾದರೆ ಉಳಿಯುವ ಖರ್ಚು, ಹೆಚ್ಚುವ ಮಾರಾಟ, ಇವೆಲ್ಲದರ ಇಂದಿನ ಮೌಲ್ಯವೇ ಸಿನರ್ಜಿ. ನಮ್ಮ ಲೆಕ್ಕದಲ್ಲಿ ₹120 ಕೋಟಿ ಎಂದಿಟ್ಟುಕೊಳ್ಳಿ. ತೆರಿಗೆಯನ್ನೂ ಒಗ್ಗೂಡಿಸುವ ಖರ್ಚನ್ನೂ ಕಳೆದ ಮೇಲಿನ ಮೊತ್ತ ಇದು. ಕಂಪನಿಗಳು ಹೂಡಿಕೆದಾರರಿಗೆ ತೋರಿಸುವ ಬಣ್ಣದ ಸ್ಲೈಡುಗಳಲ್ಲಿ ಈ ಕಳೆಯುವ ಕೆಲಸ ಎಷ್ಟೋ ಸಲ ಆಗಿರುವುದಿಲ್ಲ. ಖರ್ಚಿನ ಉಳಿತಾಯವನ್ನಾದರೂ ಸ್ವಲ್ಪ ನಂಬಬಹುದು. ಮಾರಾಟ ಹೆಚ್ಚುತ್ತದೆ ಎಂಬ ಅಂಕಿಯನ್ನು ನಾನಂತೂ ಅರ್ಧಕ್ಕೆ ಇಳಿಸಿಯೇ ಬರೆದುಕೊಳ್ಳುತ್ತೇನೆ.

ಹಂತ 2: ನಗದು. 'ಬ' ಷೇರಿಗೆ ₹120ರಂತೆ ₹480 ಕೋಟಿ ಕೊಟ್ಟರೆ, ₹80 ಕೋಟಿ ಹೆಚ್ಚುವರಿ ಕೊಟ್ಟಂತಾಯಿತು. ಸಿನರ್ಜಿ 120ರಲ್ಲಿ 80 ಕಳೆದರೆ 'ಅ' ಷೇರುದಾರರ ಲಾಭ ₹40 ಕೋಟಿ. ಅಷ್ಟೇ.

ಹಂತ 3: ಷೇರು. ಎಡವಟ್ಟಾಗುವುದು ಇಲ್ಲೇ. ಅದೇ ₹480 ಕೋಟಿಯನ್ನು ₹200ರ ಷೇರುಗಳಲ್ಲಿ ಕೊಡಲು 2.4 ಕೋಟಿ ಹೊಸ ಷೇರು ಬೇಕು. 'ಬ' ಕಂಪನಿಯ 10 ಷೇರಿಗೆ 'ಅ' ಕಂಪನಿಯ 6 ಷೇರು ಎಂದಾಯಿತು. "ಕೊಟ್ಟಿದ್ದು ಅಷ್ಟೇ ತಾನೆ, ಲಾಭವೂ ₹40 ಕೋಟಿಯೇ ಅಲ್ವಾ?" ಎಂದು ಕೇಳುತ್ತಾರೆ. ಅಲ್ಲ. ಆ ಹೊಸ ಷೇರಿನ ನಿಜವಾದ ಬೆಲೆ ಗೊತ್ತಾಗುವುದು ವಿಲೀನದ ನಂತರ.

ಒಟ್ಟು ಕಂಪನಿಯ ಮೌಲ್ಯ 2,000 + 400 + 120 = ₹2,520 ಕೋಟಿ. ಷೇರುಗಳು 12.4 ಕೋಟಿ. ಭಾಗಿಸಿದರೆ ಒಂದು ಷೇರಿಗೆ ಸುಮಾರು ₹203.20. ಅಂದರೆ 'ಬ' ಷೇರುದಾರರ ಕೈಸೇರಿದ್ದು 480 ಅಲ್ಲ, ಸುಮಾರು ₹488 ಕೋಟಿ. 'ಅ' ಕಡೆಯವರ ಲಾಭ 40ರಿಂದ 32ಕ್ಕೆ ಇಳಿಯಿತು. ಆ ₹8 ಕೋಟಿ ಎಲ್ಲಿಗೆ ಹೋಯಿತು? ಸಿನರ್ಜಿಯಿಂದ ಷೇರು ಬೆಲೆ ಏರಿತು, ಆ ಏರಿಕೆಯಲ್ಲಿ ಹೊಸಬರೂ ಪಾಲು ಪಡೆದರು. ವಿನಿಮಯ ಅನುಪಾತವನ್ನು ಇವತ್ತಿನ ಬೆಲೆಗೆ ಗುಣಿಸಿ ಉತ್ತರ ಕೊಡುವ ಆನ್‌ಲೈನ್ ಕ್ಯಾಲ್ಕುಲೇಟರುಗಳಿಗೆ ಇದು ಕಾಣುವುದಿಲ್ಲ. ಅವನ್ನು ಬಿಟ್ಟು ಕಾಗದದ ಮೇಲೆಯೇ ಮಾಡಿ.

ಹಂತ 4: ಸಿನರ್ಜಿ ಸೊನ್ನೆಯಾದರೆ? ಹಿಂದಿನ ಹಂತ ಮುಗಿಸಿ ಸುಮ್ನೆ ಕೂರಬೇಡಿ, ಇದನ್ನು ಮಾಡಲೇಬೇಕು. ನಗದು ಕೊಟ್ಟಿದ್ದರೆ ₹80 ಕೋಟಿಯೂ 'ಅ' ಕಂಪನಿಯವರ ತಲೆಗೇ. 'ಬ' ಕಡೆಯವರು ಆಗಲೇ ದುಡ್ಡು ಎಣಿಸಿಕೊಂಡು ಹೋಗಿದ್ದಾರೆ. ಷೇರು ಕೊಟ್ಟಿದ್ದರೆ ₹2,400 ಕೋಟಿಯನ್ನು 12.4 ಕೋಟಿ ಷೇರಿಗೆ ಹಂಚಬೇಕು. ಬೆಲೆ ಸುಮಾರು ₹193.50, 'ಅ' ಕಡೆಯವರಿಗೆ ನಷ್ಟ ಸುಮಾರು ₹64.50 ಕೋಟಿ. ಹೊಸ ಕಂಪನಿಯಲ್ಲಿ 'ಬ' ಕಡೆಯವರ ಪಾಲು ಶೇ 19ರಷ್ಟಿದೆ. ಹಾಗಾಗಿ ಅಂದಾಜು ತಪ್ಪಿದ್ದರಲ್ಲೂ ಶೇ 19ರಷ್ಟು ಅವರದ್ದೇ.

ಇನ್ನೊಂದು ಗಮನಿಸಿ: ಎರಡೂ ರೀತಿಯಲ್ಲಿ 'ಅ' ಕಡೆಯವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ ಎನ್ನುವ ಬಿಂದು ಒಂದೇ, ₹80 ಕೋಟಿ ಸಿನರ್ಜಿ. ಅದಕ್ಕಿಂತ ಜಾಸ್ತಿ ಬರುತ್ತದೆ ಎಂಬ ಭರವಸೆಯಿದ್ದರೆ ನಗದು ಕೊಡುವುದು ಮೇಲು. ಕಡಿಮೆಯಾಗುವ ಭಯವಿದ್ದರೆ ಷೇರು.

ಬೆಂಗಳೂರಿನ ಮೈಂಡ್‌ಟ್ರೀ ಷೇರುದಾರರು ಎರಡನ್ನೂ ಕಂಡವರು. 2019ರಲ್ಲಿ ಎಲ್ ಅಂಡ್ ಟಿ ಷೇರಿಗೆ ₹980 ನಗದು ಕೊಟ್ಟು ಹಿಡಿತ ಸಾಧಿಸಿತು. ಆಗ ಷೇರೆಲ್ಲ ಮಾರಿ ಹೊರಬಂದವರಿಗೆ ಮುಂದಿನ ಲಾಭನಷ್ಟ ಯಾವುದೂ ಅಂಟಲಿಲ್ಲ. 2022ರಲ್ಲಿ ಎಲ್ ಅಂಡ್ ಟಿಯದೇ ಇನ್ನೊಂದು ಐಟಿ ಕಂಪನಿ ಎಲ್‌ಟಿಐ ಜತೆ ವಿಲೀನವಾದಾಗ 100 ಮೈಂಡ್‌ಟ್ರೀ ಷೇರಿಗೆ 73 ಎಲ್‌ಟಿಐ ಷೇರು ಸಿಕ್ಕಿತು. ಷೇರು ಪಡೆದು ಉಳಿಸಿಕೊಂಡವರು ಒಗ್ಗೂಡಿದ ಕಂಪನಿಯ ಏಳುಬೀಳಿಗೆ ಪಾಲುದಾರರಾದರು.

ಹಾಗಾಗಿ ನೀವು ಕೊಳ್ಳುವ ಕಂಪನಿಯ ಷೇರುದಾರರಾಗಿದ್ದು, ಆಡಳಿತ ಮಂಡಳಿ ಭಾರಿ ಸಿನರ್ಜಿಯ ಮಾತಾಡುತ್ತಾ, ಕೈಯಲ್ಲಿ ನಗದಿದ್ದೂ ಷೇರು ಕೊಡಲು ಹೊರಟರೆ ಕಾರಣ ಕೇಳಿ. ಒಂದೋ ಆ ಅಂಕಿಯ ಮೇಲೆ ಅವರಿಗೇ ನಂಬಿಕೆಯಿಲ್ಲ, ಇಲ್ಲವೇ ತಮ್ಮ ಷೇರು ಬೆಲೆ ಅತಿಯಾಗಿದೆ ಎಂದು ಅವರಿಗೆ ಗೊತ್ತಿದೆ. ಮೂರನೆಯ ಕಾರಣ ಹೇಳಿದರೆ ಅದನ್ನು ಲೆಕ್ಕದ ಸಮೇತ ತೋರಿಸಲಿ.