ಡೂಪ್ಲಿಕೇಟ್ ಸಿಮ್ ಹಾಕಿದ ದಿನ ವಾಟ್ಸಾಪ್ ಕೋಡ್ ಬರಲಿಲ್ಲ

ಉಡುಪಿಯಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ. ಮಲ್ಪೆಯಲ್ಲಿ ಮೀನು ಮಾರುವ ಅಕ್ಕ ಒಬ್ಬರು ಸಂಜೆ ಹೊಸ ಫೋನ್ ಹಿಡಿದುಕೊಂಡು ಬಂದರು. ಹಳೆಯದು ನೀರಿಗೆ ಬಿದ್ದಿತ್ತು, ಅದರ ಜೊತೆ ಸಿಮ್ಮೂ ಹೋಗಿತ್ತು. ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ಬೆಳಿಗ್ಗೆಯಷ್ಟೇ ಹಾಕಿಸಿದ್ದರು.

"ಕೋಡೇ ಬರುವುದಿಲ್ಲ ಮಾರಾಯ್ರೆ, ಆರ್ಡರ್ ಎಲ್ಲ ವಾಟ್ಸಾಪಿನಲ್ಲೇ ಉಂಟು" ಅಂದರು.

ನಂಬರ್ ಸರಿಯಾಗಿಯೇ ಇತ್ತು. ದೇಶ +91, ಮುಂದೆ ಸೊನ್ನೆ ಇಲ್ಲ, ಟವರ್ ಚೆನ್ನಾಗಿದೆ. ಆಗ ನನ್ನ ಫೋನಿನಿಂದ ಅವರಿಗೆ ಒಂದು ಮಾಮೂಲಿ ಮೆಸೇಜ್ ಕಳಿಸಿದೆ. ಬರಲಿಲ್ಲ. ಕಾಲ್ ಮಾಡಿದೆ, ಕೂಡಲೇ ರಿಂಗ್ ಆಯಿತು. ಅಲ್ಲಿಗೆ ಕಾರಣ ಸಿಕ್ಕಿತು. ಸಿಮ್ ಬದಲಾಯಿಸಿದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಬೇರೆ ಯಾರೋ ನಮ್ಮ ಹೆಸರಿನಲ್ಲಿ ಸಿಮ್ ತೆಗೆದು ಒಟಿಪಿ ಕದಿಯಬಾರದು ಅಂತ ಮಾಡಿದ ನಿಯಮ ಅದು. ಕಾಲ್‌ಗೆ ಆ ತಡೆ ಇಲ್ಲ.

ಅಂದರೆ ಉಳಿದ ದಾರಿ ವಾಟ್ಸಾಪೇ ಕಾಲ್ ಮಾಡಿ ಕೋಡ್ ಹೇಳುವ `Call me` ಮಾತ್ರ. ಆದರೆ ಅಕ್ಕ ಅಷ್ಟರಲ್ಲಿ ಮತ್ತೆ ಮತ್ತೆ ಕೋಡ್ ಕೇಳಿದ್ದರು. ಹಾಗೆ ಕೇಳಿದಷ್ಟೂ ಕಾಯುವ ಸಮಯ ಬೆಳೆಯುತ್ತದೆ. ಮೊದಲು ನಿಮಿಷ ಇದ್ದದ್ದು ಆಮೇಲೆ ಗಂಟೆಗೆ ಹೋಗುತ್ತದೆ. ಅವರ ಸ್ಕ್ರೀನಿನಲ್ಲಿ ಎಸ್ಸೆಮ್ಮೆಸ್ಸಿನ ಎದುರು ಗಂಟೆಗಳೇ ಇದ್ದವು, ಕಾಲ್ ಎದುರು ಸ್ವಲ್ಪ ಕಮ್ಮಿ. ಎರಡಕ್ಕೂ ಬೇರೆ ಬೇರೆ ಟೈಮರ್ ಇರುತ್ತದೆ, ಎರಡನ್ನೂ ಓದಬೇಕು.

"ಡಿಲೀಟ್ ಮಾಡಿ ಮತ್ತೆ ಹಾಕಿದರೆ ಆಗುವುದಿಲ್ವಾ ಅಣ್ಣ?"

ಆಗುವುದಿಲ್ಲ. ಲೆಕ್ಕ ಇರುವುದು ನಂಬರಿನ ಮೇಲೆ, ವಾಟ್ಸಾಪಿನ ಸರ್ವರಿನಲ್ಲಿ. ಸುಮ್ನೆ ಅಂದಾಜಿಗೆ ಆರು ಅಂಕಿ ಒತ್ತುವುದಂತೂ ಬೇಡವೇ ಬೇಡ. ತಪ್ಪು ಕೋಡ್ ಹಾಕಿದರೆ ಬಾಗಿಲು ಇನ್ನಷ್ಟು ಹೊತ್ತು ಮುಚ್ಚುತ್ತದೆ.

ಕಾಯುವ ಹೊತ್ತಿನಲ್ಲಿ ಕಾಲ್ ಬರುವ ದಾರಿ ಸರಿಮಾಡಿದೆ. ನನ್ನ ನಂಬರ್ ಅವರಲ್ಲಿ ಸೇವ್ ಇದ್ದದ್ದರಿಂದ ನನ್ನ ಕಾಲ್ ಬಂದಿತ್ತು, ಆದರೆ ಅವರ ಫೋನಿನಲ್ಲಿ ಗೊತ್ತಿಲ್ಲದ ನಂಬರನ್ನು ತಡೆಯುವ ಸೆಟ್ಟಿಂಗ್ ಆನ್ ಇತ್ತು. ಇದು ತುಂಬಾ ಜನರ ಫೋನಿನಲ್ಲಿ ಇರುತ್ತದೆ. ವಾಟ್ಸಾಪಿನ ಕಾಲ್ ಹೊರದೇಶದ ನಂಬರಿನಿಂದಲೂ ಬರಬಹುದು, ಆಗ ಫೋನ್ ಅದನ್ನು ರಿಂಗ್ ಆಗುವ ಮೊದಲೇ ಕತ್ತರಿಸುತ್ತದೆ. ಅದನ್ನು ಆಫ್ ಮಾಡಿದೆ. ಕಾಲ್ ಬೇರೆ ನಂಬರಿಗೆ ತಿರುಗಿದೆಯೋ ಅಂತ ತಿಳಿಯಲು ಡಯಲ್ ಪ್ಯಾಡಿನಲ್ಲಿ ಇದನ್ನು ಒತ್ತಿದೆ, ಯಾವುದೂ ತಿರುಗಿರಲಿಲ್ಲ:

```
*#21#
```

ಕಾಲ್‌ನ ಟೈಮರ್ ಸೊನ್ನೆಗೆ ಬಂದ ಮೇಲೆ ಒಮ್ಮೆ ಮಾತ್ರ `Call me` ಒತ್ತಿದೆವು. ಪೆನ್ನು, ಚೀಟಿ ಮೊದಲೇ ಕೈಯಲ್ಲಿತ್ತು. ರೆಕಾರ್ಡ್ ಮಾಡಿದ ಧ್ವನಿ ಒಂದೊಂದೇ ಅಂಕಿ ಹೇಳಿತು, ಮತ್ತೊಮ್ಮೆಯೂ ಹೇಳಿತು. ಅಕ್ಕನೇ ಬರೆದುಕೊಂಡು ಅವರೇ ಒತ್ತಿದರು. ಆ ಕೋಡನ್ನು ಅಂಗಡಿಯವನಿಗೂ ಹೇಳಬಾರದು ಅಲ್ವಾ, ಅದಕ್ಕೆ ನಾನು ಫೋನ್ ಅವರ ಕೈಗೇ ಕೊಟ್ಟಿದ್ದೆ.

ವಾಟ್ಸಾಪ್ ತೆರೆಯಿತು. ಬ್ಯಾಂಕಿನ ಒಟಿಪಿ ಮಾತ್ರ ಎಸ್ಸೆಮ್ಮೆಸ್ಸಿನಲ್ಲೇ ಬರುವುದರಿಂದ ಅದಕ್ಕೆ ಮರುದಿನದವರೆಗೆ ಕಾಯಲೇಬೇಕು ಅಂತ ಹೇಳಿ ಕಳಿಸಿದೆ.