ಫೋನಲ್ಲೇ ವಿಡಿಯೋ ಮಾಡುವವರಿಗೆ: ಮೊದಲು ಧ್ವನಿ ನೋಡಿಕೊಳ್ಳಿ

ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ನಿಲ್ಲಲ್ಲ. ಫೋನ್ 2 ಮೀಟರ್ ದೂರವಿದ್ದರೆ ಖಾಲಿ ರೂಮಿನ ಗೋಡೆಗಳಿಂದ ವಾಪಸ್ ಬರುವ ಸದ್ದೂ ಜಾಸ್ತಿ ಸೇರುತ್ತದೆ, ಮಾತು ಡಬ್ಬದೊಳಗಿಂದ ಬಂದಂತಾಗುತ್ತದೆ.

ವೈರ್ ಇಯರ್‌ಫೋನ್ ಇದ್ದರೆ ಅದರ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಅಂಗಿಗೆ ಸಿಕ್ಕಿಸಿ. ಬಟ್ಟೆಗೆ ಉಜ್ಜಿದರೆ ಕರಕರ ಅನ್ನುತ್ತದೆ. ಕೆಲವು ಕ್ಯಾಮೆರಾ ಆ್ಯಪ್‌ಗಳು ಈ ಮೈಕನ್ನು ಬಳಸುವುದೇ ಇಲ್ಲ. ಅದಕ್ಕೇ 10 ಸೆಕೆಂಡ್ ರೆಕಾರ್ಡ್ ಮಾಡಿ, ಮೈಕನ್ನು ಉಗುರಿನಿಂದ ತಟ್ಟಿ, ಕೇಳಿ ನೋಡಿ. ತಟ್ಟಿದ್ದು ಜೋರಾಗಿ ಬಂದರೆ ಸರಿ. ಫ್ಯಾನ್ ಆಫ್ ಇರಲಿ.

ವೈರ್ ಉದ್ದ ಕಮ್ಮಿ, ಅಲ್ವಾ? ಫೋನನ್ನು ಹತ್ತಿರದಲ್ಲೇ, ಕಣ್ಣಿನ ಎತ್ತರಕ್ಕೆ ಪುಸ್ತಕ ಪೇರಿಸಿ ಒರಗಿಸಿಡಿ. ಕಿಟಕಿ ನಿಮ್ಮ ಎದುರಿಗಿರಲಿ, ಬೆನ್ನ ಹಿಂದೆ ಬೇಡ. ಗೋಡೆಯಿಂದ 1 ಮೀಟರ್ ಮುಂದೆ ಕೂತರೆ ನೆರಳು ಅಷ್ಟಾಗಿ ಬೀಳಲ್ಲ.