ಬ್ರೌನ್ ರೈಸ್, ಬಿಳಿ ಅಕ್ಕಿ, ಕುಚ್ಚಲಕ್ಕಿ: ಆರ್ಸೆನಿಕ್ ಇಳಿಸಿ ಅನ್ನ ಮಾಡುವ ಬಗೆ

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಸೋನಾ ಮಸೂರಿ ಬಿಟ್ಟು ಬ್ರೌನ್ ರೈಸ್ ತರುತ್ತಿದ್ದಾರೆ. ತರಲಿ, ತಪ್ಪಿಲ್ಲ. ಆದರೆ ಅದನ್ನು ಬೇಯಿಸುವ ರೀತಿಯನ್ನೂ ಬದಲಿಸಬೇಕು, ಇಲ್ಲದಿದ್ದರೆ ಅಕ್ಕಿಯಲ್ಲಿರುವ ಆರ್ಸೆನಿಕ್ ಎಂಬ ವಿಷ ಹೊಟ್ಟೆಗೆ ಹೆಚ್ಚು ಸೇರುತ್ತದೆ.

ಗದ್ದೆಯಲ್ಲಿ ನೀರು ನಿಂತಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಕಬ್ಬಿಣದ ಅಂಶಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಬಿಡಿಸಿಕೊಂಡು ನೀರಿಗೆ ಬರುತ್ತದೆ. ಭತ್ತದ ಬೇರು ಸಿಲಿಕಾನ್ ಎಳೆದುಕೊಳ್ಳುವ ದಾರಿಯಲ್ಲೇ ಇದನ್ನೂ ಎಳೆದುಕೊಳ್ಳುತ್ತದೆ. ಗೋಧಿ, ರಾಗಿಗಿಂತ ಅಕ್ಕಿಯಲ್ಲಿ ಇದು ಹೆಚ್ಚಿರುವುದು ಅದಕ್ಕೇ. ಕಾಳಿನೊಳಗೆ ಅಪಾಯದ ರೂಪದ ಆರ್ಸೆನಿಕ್ ಹೆಚ್ಚಾಗಿ ಕೂರುವುದು ತೌಡಿನಲ್ಲಿ. ನಾರು, ಮೆಗ್ನೀಸಿಯಂ, ಬಿ1 ಜೀವಸತ್ವ ಇರುವುದೂ ಅಲ್ಲೇ. ಪಾಲಿಶ್ ಮಾಡಿದರೆ ಎರಡೂ ಕಡಿಮೆಯಾಗುತ್ತವೆ, ತೌಡು ಉಳಿಸಿದರೆ ಎರಡೂ ಉಳಿಯುತ್ತವೆ. ಅಂತರರಾಷ್ಟ್ರೀಯ ಆಹಾರ ಮಾನಕವಾದ ಕೋಡೆಕ್ಸ್ ಈ ರೂಪದ ಆರ್ಸೆನಿಕ್ ವಿಷಯದಲ್ಲಿ ಬಿಳಿ ಅಕ್ಕಿಗೆ ಕೆಜಿಗೆ 0.2 ಮಿಲಿಗ್ರಾಂ, ತೌಡು ಸಹಿತ ಅಕ್ಕಿಗೆ 0.35 ಮಿಲಿಗ್ರಾಂ ಮಿತಿ ಇಟ್ಟಿದೆ.

ಕುಚ್ಚಲಕ್ಕಿ ಇವೆರಡರ ನಡುವಿನದು. ಭತ್ತವನ್ನು ಹೊಟ್ಟಿನ ಸಮೇತ ನೆನೆಸಿ, ಬೇಯಿಸಿ, ಒಣಗಿಸುವಾಗ ತೌಡಿನ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಪಾಲಿಶ್ ಮಾಡಿದರೂ ಬಿಳಿ ಅಕ್ಕಿಗಿಂತ ಹೆಚ್ಚು ಬಿ1 ಉಳಿದಿರುತ್ತದೆ. ನಾರು ಮಾತ್ರ ತೌಡಿನ ಜೊತೆಗೇ ಹೋಗುತ್ತದೆ. ಭತ್ತ ನೆನೆಸಿದ ನೀರಿನಲ್ಲೇ ಆರ್ಸೆನಿಕ್ ಇದ್ದರೆ ಅದೂ ಕಾಳಿಗೆ ಸೇರುತ್ತದೆ. ಗಂಗಾ ಮುಖಜ ಭೂಮಿಯ ಕೊಳವೆಬಾವಿ ಪ್ರದೇಶಗಳಲ್ಲಿ ಆಗುವುದು ಇದೇ. ಅಂಗಡಿಯಲ್ಲಿ ಸಿಗುವ ಸ್ಟೀಮ್ ಸೋನಾ ಮಸೂರಿಯನ್ನು ಕುಚ್ಚಲಕ್ಕಿ ಎಂದುಕೊಳ್ಳಬೇಡಿ, ಅದು ಬರೀ ಹಬೆ ಕಾಣಿಸಿದ ಅಕ್ಕಿ.

ಈಗ ಅಡುಗೆಗೆ ಬರೋಣ. ಕುಕ್ಕರಿನಲ್ಲಿ ಅಳತೆ ನೀರಿಟ್ಟು ಮೂರು ಸೀಟಿ ಕೂಗಿಸಿದರೆ ಹಾಕಿದ ನೀರೆಲ್ಲ ಅನ್ನಕ್ಕೇ ಇಂಗುತ್ತದೆ. ಕರಗಿ ಹೊರಬಂದ ಆರ್ಸೆನಿಕ್ ಮತ್ತೆ ಅನ್ನದೊಳಗೇ ಹೋಗುತ್ತದೆ. ಎರಡು ಮೂರು ಸಲ ತೊಳೆದರೆ ಮೇಲಿನ ಧೂಳು, ಪುಡಿ ಹೋಗುತ್ತದೆಯೇ ಹೊರತು ಆರ್ಸೆನಿಕ್ ಹೆಚ್ಚೇನೂ ಹೋಗುವುದಿಲ್ಲ. ಧಾರಾಳ ನೀರಿನಲ್ಲಿ ಬೇಯಿಸಿ ಪೂರ್ತಿ ಬಸಿದರೆ ಅರ್ಧದಷ್ಟು ಹೋಗುತ್ತದೆ, ಆದರೆ ಬಿ ಜೀವಸತ್ವಗಳೂ ಗಂಜಿಯ ಜೊತೆ ಹರಿದುಹೋಗುತ್ತವೆ.

ಇದಕ್ಕೊಂದು ನಡುದಾರಿ ಇದೆ. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರನ್ನು ಅಗಲ ಪಾತ್ರೆಯಲ್ಲಿ ಮೊದಲು ಕುದಿಸಿ. ಮರಳುತ್ತಿರುವಾಗಲೇ ತೊಳೆದ ಅಕ್ಕಿ ಹಾಕಿ, ಮುಚ್ಚದೆ ಐದು ನಿಮಿಷ ಕುದಿಸಿ. ಒಂದು ಅಗುಳು ಹಿಚುಕಿದರೆ ಹೊರಗೆ ಮೆತ್ತಗೆ, ನಡುವೆ ಗಟ್ಟಿ ಬಿಳಿ ಚುಕ್ಕೆ ಕಾಣಬೇಕು. ಆ ನೀರನ್ನು ಪೂರ್ತಿ ಬಸಿದು ಚೆಲ್ಲಿ. ಹೊಸದಾಗಿ ಎರಡು ಲೋಟ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ನೀರು ಇಂಗುವವರೆಗೆ ಬೇಯಿಸಿ. ಬ್ರೌನ್ ರೈಸಿಗೆ ಹೊತ್ತು ಹೆಚ್ಚು ಬೇಕು, ನೀರೂ ಸ್ವಲ್ಪ ಹೆಚ್ಚು. ಕುಕ್ಕರೇ ಬೇಕೆಂದರೆ ಬಸಿದ ಮೇಲೆ ಇಡಿ. ಆದರೆ ಅಕ್ಕಿ ಆಗಲೇ ನೀರು ಕುಡಿದಿರುವುದರಿಂದ ಎಂದಿನ ಅಳತೆ ಹಾಕಿದರೆ ಅನ್ನ ಮುದ್ದೆಯಾಗುತ್ತದೆ, ಅರ್ಧ ಲೋಟ ಕಡಿಮೆ ಮಾಡಿ.

ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಈ ಕ್ರಮದಲ್ಲಿ ಬಿಳಿ ಅಕ್ಕಿಯಿಂದ 73%, ಬ್ರೌನ್ ರೈಸಿನಿಂದ 54% ಆರ್ಸೆನಿಕ್ ಹೋಗುತ್ತದೆಂದು ತೋರಿಸಿದ್ದಾರೆ. ಲೆಕ್ಕ ಹಾಕಿ ನೋಡಿ: ಕೋಡೆಕ್ಸ್ ಮಿತಿಯಷ್ಟೇ ಆರ್ಸೆನಿಕ್ ಇರುವ 200 ಗ್ರಾಂ ಬ್ರೌನ್ ರೈಸಿನಲ್ಲಿ 70 ಮೈಕ್ರೋಗ್ರಾಂ ಇರುತ್ತದೆ, ಬಸಿದರೆ 32ಕ್ಕೆ ಇಳಿಯುತ್ತದೆ. ಅಷ್ಟೇ ಬಿಳಿ ಅಕ್ಕಿಯನ್ನು ಮಿತಿಯಲ್ಲಿದ್ದರೂ ಬಸಿಯದೆ ಕುಕ್ಕರಿನಲ್ಲಿ ಮಾಡಿದರೆ 40 ಹಾಗೇ ಉಳಿಯುತ್ತದೆ. ಅಂದರೆ ಬಸಿದ ಬ್ರೌನ್ ರೈಸ್ ಬಸಿಯದ ಬಿಳಿ ಅನ್ನಕ್ಕಿಂತ ಕಡಿಮೆ, ನಾರಂತೂ ಹೆಚ್ಚು. ದಿನಾ ಬ್ರೌನ್ ರೈಸ್ ಉಣ್ಣುವವರು ಬಸಿಯುವುದನ್ನು ಬಿಡಲೇಬಾರದು ಎನ್ನುವುದು ಇದಕ್ಕೇ. ಬಸಿದ ನೀರನ್ನು ಸಾರಿಗೆ ಸೇರಿಸಬೇಡಿ, ಕುಡಿಯಲೂ ಬೇಡಿ.

ಇದೆಲ್ಲ ಫಲಿಸುವುದು ನೀರು ಶುದ್ಧವಾಗಿದ್ದರೆ ಮಾತ್ರ. ಕಾವೇರಿ ನೀರು ಬರುವ ಮನೆಯವರಿಗೆ ತೊಂದರೆಯಿಲ್ಲ. ಕೊಳವೆಬಾವಿ, ಟ್ಯಾಂಕರ್ ನೀರಾದರೆ ಪರೀಕ್ಷೆಗೆ ಕೊಡುವಾಗ ಆರ್ಸೆನಿಕ್ ನೋಡಿ ಎಂದು ಬೇರೆಯಾಗಿಯೇ ಹೇಳಿ; ಕುಡಿಯುವ ನೀರಿನ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಕುದಿಸಿದರೆ ಇದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ದೀಪದಿಂದಲೂ ಹೋಗುವುದಿಲ್ಲ.

ಕೂಸುಗಳ ಮೈತೂಕ ಕಡಿಮೆ, ತೂಕಕ್ಕೆ ಹೋಲಿಸಿದರೆ ಉಣ್ಣುವ ಪ್ರಮಾಣ ಹೆಚ್ಚು. ಅವಕ್ಕೆ ಬ್ರೌನ್ ರೈಸ್ ಪುಡಿ ಬೇಡ. ದಿನಾ ಅಕ್ಕಿ ಸರಿ ಒಂದನ್ನೇ ಉಣಿಸದೆ ರಾಗಿ ಸರಿ, ಗೋಧಿ, ಹೆಸರುಬೇಳೆಯನ್ನು ಸರದಿಯಲ್ಲಿ ಕೊಡಿ.